ಏಳದ ಕ್ರಿಸ್ಟಲ್

ಕುಂದಾಪುರ, ಬೈಂದೂರು ಕಡೆಯ ಅಡಿಕೆ ತೋಟಗಳಲ್ಲಿ ಪಂಪಿಗೆ ಮಳೆಗಾಲದಲ್ಲಿ ರಜೆ. ಜೂನ್‌ನಲ್ಲಿ ಇಳಿಸಿದ ಮೈನ್ ಸ್ವಿಚ್ಚನ್ನು ಮತ್ತೆ ಏರಿಸುವುದು ದೀಪಾವಳಿ ಕಳೆದು, ಮಣ್ಣು ಒಣಗತೊಡಗಿದ ಮೇಲೆಯೇ. ಅಷ್ಟೂ ತಿಂಗಳು ಸ್ಟಾರ್ಟರ್ ಪೆಟ್ಟಿಗೆಯೊಳಗಿನ ಟೈಮರ್ ಬೋರ್ಡು ಕರೆಂಟಿಲ್ಲದೆ, ಬಿಸಿಯಿಲ್ಲದೆ, ಥಂಡಿ ಹೀರುತ್ತಾ ಕೂತಿರುತ್ತದೆ. ನೀರು ಬಿಡುವ ಕಾಲ ಶುರುವಾದ ಕೂಡಲೇ ಇಂಥ ಬೋರ್ಡುಗಳು ರಿಪೇರಿಗೆ ಬರುತ್ತವೆ, ಒಂದೇ ದೂರು ಹೊತ್ತು: ಪವರ್ ಎಲ್‌ಇಡಿ ಉರಿಯುತ್ತದೆ, ಡಿಸ್‌ಪ್ಲೇಯ ಮೇಲಿನ ಸಾಲಿನಲ್ಲಿ ಕಪ್ಪು ಚೌಕಗಳು ಮಾತ್ರ ಕಾಣುತ್ತವೆ, ಅಕ್ಷರ ಬರುವುದಿಲ್ಲ, ರಿಲೇ ಎಳೆಯುವುದಿಲ್ಲ. ಕಪ್ಪು ಚೌಕದ ಅರ್ಥ ಇಷ್ಟೇ. ಡಿಸ್‌ಪ್ಲೇಗೆ ಕರೆಂಟ್ ಸಿಕ್ಕಿದೆ, ಆದರೆ ಮೈಕ್ರೋಕಂಟ್ರೋಲರ್ ಅದರೊಡನೆ ಒಂದು ಮಾತನ್ನೂ ಆಡಿಲ್ಲ.

ನೋಡಿದವರೆಲ್ಲ ಮೊದಲು ಕ್ರಿಸ್ಟಲ್ ಬದಲಾಯಿಸುತ್ತಾರೆ. ಅಗ್ಗ, ಎರಡೇ ಕಾಲು, ಬಿಚ್ಚುವುದು ಸುಲಭ. ಆದರೆ ತಪ್ಪು ಅಲ್ಲಿರುವುದು ಅಪರೂಪ. ಈ ಊರಿನ ಪಂಪ್ ಟೈಮರ್‌ಗಳಲ್ಲಿ ಹೆಚ್ಚಾಗಿ ಕಾಣುವ ಎಟಿಮೆಗಾ328ಪಿ ಚಿಪ್ಪನ್ನೂ ಅದರ 16 ಮೆಗಾಹರ್ಟ್ಸ್ ಕ್ರಿಸ್ಟಲ್ಲನ್ನೂ ಮುಂದಿಟ್ಟುಕೊಂಡು, ನಾನು ಹುಡುಕುವ ಕ್ರಮದಲ್ಲೇ ಬರೆಯುತ್ತೇನೆ.

1. ಕ್ರಿಸ್ಟಲ್ಲಲ್ಲಿ ಓಡಬೇಕೆಂದು ಚಿಪ್ಪಿಗೆ ಯಾರಾದರೂ ಹೇಳಿದ್ದಾರೆಯೇ?

ಕಾರ್ಖಾನೆಯಿಂದ ಬಂದ ಹೊಸ ಎಟಿಮೆಗಾ328ಪಿ ಕ್ರಿಸ್ಟಲ್ಲನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಒಳಗಿನ 8 ಮೆಗಾಹರ್ಟ್ಸ್ ಆಸಿಲೇಟರನ್ನು ಎಂಟರಿಂದ ಭಾಗಿಸಿ 1 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಹೊರಗೆ ಕ್ರಿಸ್ಟಲ್ ಇದೆ, ಅದನ್ನು ಎಬ್ಬಿಸು ಎಂದು ಫ್ಯೂಸ್ ಬರೆದು ಹೇಳಬೇಕು. ಹೇಳದಿದ್ದರೆ ಎಷ್ಟು ಕ್ರಿಸ್ಟಲ್ ಬದಲಾಯಿಸಿದರೂ ಆ ಎರಡು ಕಾಲುಗಳಲ್ಲಿ ಏನೂ ಕಾಣದು. ಇದರ ಗುರುತು ಸುಲಭ. ಬೋರ್ಡು ಪೂರ್ತಿ ಸತ್ತಿರುವುದಿಲ್ಲ, ತೂಕಡಿಸುತ್ತಿರುತ್ತದೆ. ಸೆಕೆಂಡಿಗೊಮ್ಮೆ ಮಿನುಗಬೇಕಾದ ಎಲ್‌ಇಡಿ ಹದಿನಾರು ಸೆಕೆಂಡಿಗೊಮ್ಮೆ ಮಿನುಗುತ್ತದೆ, ಸೀರಿಯಲ್ ಪೋರ್ಟಿನಲ್ಲಿ ಕಸ ಬರುತ್ತದೆ. ಯಾರೋ ಚಿಪ್ ಬದಲಾಯಿಸಿ ಪ್ರೋಗ್ರಾಂ ಮಾತ್ರ ತುಂಬಿ, ಫ್ಯೂಸ್ ಮರೆತ ಬೋರ್ಡು ಹೀಗೆ ನಡೆದುಕೊಳ್ಳುತ್ತದೆ.

ಆದ್ದರಿಂದ ಸೋಲ್ಡರಿಂಗ್ ಐರನ್ ಬಿಸಿಗಿಡುವ ಮೊದಲು ಫ್ಯೂಸ್ ಓದುತ್ತೇನೆ:

```
avrdude -c usbasp -p m328p -B 10 -U lfuse:r:-:h
```

`0x62` ಬಂದರೆ ಕಾರ್ಖಾನೆಯ ಸ್ಥಿತಿ. `0xFF` ಎಂದರೆ ಕಡಿಮೆ ಶಕ್ತಿಯ ಕ್ರಿಸ್ಟಲ್ ಆಸಿಲೇಟರ್, `0xF7` ಎಂದರೆ ಪೂರ್ಣ ಸ್ವಿಂಗ್ ಆಸಿಲೇಟರ್. ಕೊನೆಯ ಅಂಕಿ ಸೊನ್ನೆಯಾಗಿದ್ದರೆ, ಉದಾಹರಣೆಗೆ `0xE0`, ಚಿಪ್ಪು ಹೊರಗಿನಿಂದ ಸಿದ್ಧ ಕ್ಲಾಕ್ ಬರಲೆಂದು ಕಾಯುತ್ತಿದೆ; ಕ್ರಿಸ್ಟಲ್ ಅದರ ಲೆಕ್ಕದಲ್ಲೇ ಇಲ್ಲ. ಆಜ್ಞೆಯಲ್ಲಿರುವ `-B 10` ಮುಖ್ಯ. 1 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿರುವ ಚಿಪ್ಪಿನ ಜೊತೆ ಪ್ರೋಗ್ರಾಮರ್ ಅದರ ಕಾಲು ಭಾಗಕ್ಕಿಂತ ನಿಧಾನವಾಗಿ ಮಾತಾಡಬೇಕು. ಇಲ್ಲದಿದ್ದರೆ ಸರಿಯಿರುವ ಚಿಪ್ಪೂ ಉತ್ತರ ಕೊಡುವುದಿಲ್ಲ.

ಅಷ್ಟಾದರೂ `target doesn't answer` ಎಂದು ಬಂದರೆ, ಅದೂ ಒಂದು ಸುಳಿವೇ. ಈ ಜಾತಿಯ ಚಿಪ್ಪಿಗೆ ಪ್ರೋಗ್ರಾಮರ್ ಮಾತು ಕೇಳಿಸಿಕೊಳ್ಳುವುದಕ್ಕೂ ಕ್ಲಾಕ್ ಬೇಕು. ಕ್ರಿಸ್ಟಲ್ ಎಂದು ಫ್ಯೂಸ್ ಬರೆದಿದ್ದು ಕ್ರಿಸ್ಟಲ್ ಏಳದಿದ್ದರೆ, ಚಿಪ್ಪು ಕಿವುಡಾಗುತ್ತದೆ. ಆಗ ಕ್ರಿಸ್ಟಲ್ ಬಿಚ್ಚಿ, ಇನ್ನೊಂದು ಆರ್ಡುಯಿನೋ ಊನೋ ಬೋರ್ಡಿನ 9ನೇ ಪಿನ್ನಿನಿಂದ 1 ಮೆಗಾಹರ್ಟ್ಸ್ ಕ್ಲಾಕ್ ತೆಗೆದು ಎಕ್ಸ್‌ಟಾಲ್ 1 ಕಾಲಿಗೆ ಕೊಡುತ್ತೇನೆ. ಎರಡೂ ಬೋರ್ಡಿನ ಗ್ರೌಂಡ್ ಸೇರಿಸಿರಬೇಕು.

```
pinMode(9, OUTPUT);
TCCR1A = _BV(COM1A0);
TCCR1B = _BV(WGM12) | _BV(CS10);
OCR1A = 7;
```

ಈ ಸಾಲ ತಂದ ಕ್ಲಾಕಿನಲ್ಲಿ ಚಿಪ್ಪು ಮಾತಾಡಿದರೆ ಒಂದು ದೊಡ್ಡ ಪ್ರಶ್ನೆ ಮುಗಿಯಿತು. ಚಿಪ್ಪು ಬದುಕಿದೆ, ತಪ್ಪಿರುವುದು ಕ್ರಿಸ್ಟಲ್, ಕೆಪಾಸಿಟರ್, ಇಲ್ಲವೇ ಆ ಸುತ್ತಲಿನ ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ.

2. ಆಸಿಲೇಟರ್ ನಿಂತಿದೆಯೇ, ಪ್ರೋಗ್ರಾಂ ನಿಂತಿದೆಯೇ?

ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ರಿಸೆಟ್ ಕಾಲು ಕೆಳಗೆ ಎಳೆದುಕೊಂಡಿದ್ದರೂ ಎಟಿಮೆಗಾದ ಕ್ರಿಸ್ಟಲ್ ಓಡುತ್ತಲೇ ಇರುತ್ತದೆ, ಪ್ರೋಗ್ರಾಂ ಮಾತ್ರ ಓಡುವುದಿಲ್ಲ. ಒಂದನೇ ಕಾಲಿನಲ್ಲಿ ಸುಮಾರು 5 ವೋಲ್ಟ್, 7 ಮತ್ತು 20ನೇ ಕಾಲುಗಳಲ್ಲಿ 5 ವೋಲ್ಟ್, 8 ಮತ್ತು 22ರಲ್ಲಿ ಗ್ರೌಂಡ್. ಇಷ್ಟನ್ನು ಬೋರ್ಡಿನ ಪಟ್ಟಿಯ ಮೇಲಲ್ಲ, ಚಿಪ್ಪಿನ ಕಾಲಿನ ಮೇಲೆಯೇ ಮೀಟರ್ ಮೊನೆ ಇಟ್ಟು ನೋಡಬೇಕು. ಉಪ್ಪುಗಾಳಿಯ ಊರಿನಲ್ಲಿ ಐಸಿ ಬೇಸಿನ ಒಳಗೆ ಹಸಿರು ಕಿಲುಬು ಹಿಡಿದು, ಬೇಸಿನ ಕಾಲಿಗೆ ಬಂದ ಕರೆಂಟು ಚಿಪ್ಪಿನ ಕಾಲಿಗೆ ಬಾರದಿರುವುದು ಮಾಮೂಲು.

16 ಮೆಗಾಹರ್ಟ್ಸ್‌ನಲ್ಲಿ ಈ ಚಿಪ್ಪಿಗೆ ಸುಮಾರು 3.8 ವೋಲ್ಟಿಗಿಂತ ಕಡಿಮೆ ಸಲ್ಲದು. 3.3 ವೋಲ್ಟಿನಲ್ಲಿ 16 ಮೆಗಾಹರ್ಟ್ಸ್ ಓಡಿಸಿದ ಬೋರ್ಡುಗಳನ್ನೂ ನೋಡಿದ್ದೇನೆ. ಬೇಸಿಗೆಯಲ್ಲಿ ಓಡುತ್ತವೆ ಎಂಬುದು ಅವು ಸರಿಯಿವೆ ಎಂಬುದಕ್ಕೆ ಸಾಕ್ಷಿಯಲ್ಲ.

3. ಅಳೆಯಲು ಹೋಗಿ ನಿಲ್ಲಿಸಬೇಡಿ

ಕ್ರಿಸ್ಟಲ್ಲಿನ ಎರಡು ಬದಿಗೆ ಇರುವ ಕೆಪಾಸಿಟರ್ 22 ಪಿಎಫ್ ಮಾತ್ರ. ಆಸಿಲೋಸ್ಕೋಪಿನ ಪ್ರೋಬನ್ನು ಒಂದುಪಟ್ಟು ಸ್ಥಾನದಲ್ಲಿಟ್ಟರೆ ಅದು ಸುಮಾರು ನೂರು ಪಿಎಫ್ ಹೊತ್ತು ತರುತ್ತದೆ. ಓಡುತ್ತಿದ್ದದ್ದೂ ಅಲ್ಲೇ ನಿಲ್ಲುತ್ತದೆ. ಹತ್ತುಪಟ್ಟು ಸ್ಥಾನದಲ್ಲಿ ಹತ್ತು-ಹದಿನೈದು ಪಿಎಫ್. ಅದನ್ನೂ ಎಕ್ಸ್‌ಟಾಲ್ 1ಕ್ಕೆ ಇಡಬಾರದು, ಆಂಪ್ಲಿಫಯರಿನ ಹೊರದಾರಿಯಾದ ಎಕ್ಸ್‌ಟಾಲ್ 2ಕ್ಕೆ ಇಡಬೇಕು. ಕೆಲವು ಸಲ ಇದರ ತದ್ವಿರುದ್ಧವೂ ನಡೆಯುತ್ತದೆ. ನಿಂತಿದ್ದ ಬೋರ್ಡು ಪ್ರೋಬ್ ತಾಗಿದ ಕೂಡಲೇ, ಅಥವಾ ಬೆರಳು ಮುಟ್ಟಿದ ಕೂಡಲೇ ಎದ್ದುಬಿಡುತ್ತದೆ. ಹಾಗಾದರೆ ರಿಪೇರಿ ಆಯಿತೆಂದು ಖುಷಿಪಡಬೇಡಿ. ಆ ಬೋರ್ಡು ಏಳುವ ಮತ್ತು ಏಳದಿರುವ ಗಡಿಯ ಮೇಲೆ ನಿಂತಿದೆ ಎಂದರ್ಥ, ಅಷ್ಟೇ.

ಸ್ಕೋಪ್ ಇಲ್ಲದವರಿಗೆ ಮಲ್ಟಿಮೀಟರೇ ಸಾಕಷ್ಟು ಹೇಳುತ್ತದೆ. ಮೊನೆಗೆ 1 ಮೆಗಾಓಮ್ ರೆಸಿಸ್ಟರ್ ಬೆಸೆದುಕೊಂಡರೆ ವೈರಿನ ಕೆಪಾಸಿಟೆನ್ಸ್ ಕ್ರಿಸ್ಟಲ್ಲಿಗೆ ತಟ್ಟುವುದಿಲ್ಲ. 10 ಮೆಗಾಓಮ್ ಮೀಟರಿನಲ್ಲಿ ರೀಡಿಂಗ್ ಹತ್ತರಲ್ಲೊಂದರಷ್ಟು ಕಮ್ಮಿ ತೋರುತ್ತದೆ, ತೋರಲಿ. ಸರಿಯಾಗಿ ಬಯಸ್ ಆದ ಆಸಿಲೇಟರಿನ ಎರಡೂ ಕಾಲುಗಳಲ್ಲಿ ಸೊನ್ನೆಯೂ ಅಲ್ಲದ, ಐದೂ ಅಲ್ಲದ, ನಡು ಮಟ್ಟದ ವೋಲ್ಟೇಜ್ ಇರುತ್ತದೆ. ಅದೇ ಮಾಡೆಲಿನ ಓಡುವ ಬೋರ್ಡು ಕೈಯಲ್ಲಿದ್ದರೆ ಅದನ್ನು ಅಳೆದು ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಒಂದು ಕಾಲು ನೆಲಕ್ಕೆ, ಇನ್ನೊಂದು ಐದಕ್ಕೆ ಅಂಟಿದ್ದರೆ, ಏನೋ ಒಂದು ಎಕ್ಸ್‌ಟಾಲ್ 1ನ್ನು ಎಳೆದು ಹಿಡಿದಿದೆ. ಎರಡೂ ನಡುವಿನಲ್ಲಿದ್ದು ಕ್ಲಾಕ್ ಮಾತ್ರ ಇಲ್ಲದಿದ್ದರೆ, ಆಂಪ್ಲಿಫಯರ್ ಸಿದ್ಧವಾಗಿದೆ, ಸುತ್ತು ಏಳುತ್ತಿಲ್ಲ. ಈ ಎರಡು ದಾರಿ ಬೇರೆ ಬೇರೆ, ಮದ್ದೂ ಬೇರೆ.

ಕ್ರಿಸ್ಟಲ್ಲನ್ನು ಮುಟ್ಟದೆಯೇ ನೋಡುವ ದಾರಿಯೂ ಇದೆ. ಫ್ಯೂಸನ್ನು `0xFF` ಬದಲು `0xBF` ಎಂದು ಬರೆದರೆ ಕ್ಲಾಕಿನ ಪ್ರತಿ 14ನೇ ಕಾಲಿನಲ್ಲಿ ಹೊರಬರುತ್ತದೆ. ಅಲ್ಲಿ ಯಾವ ಪ್ರೋಬ್ ಇಟ್ಟರೂ ಕ್ರಿಸ್ಟಲ್ಲಿಗೆ ಗೊತ್ತಾಗದು. ತೂಕದ ಯಂತ್ರಗಳಂಥ ಹಳೆಯ ಸರಕಿನಲ್ಲಿ ಸಿಗುವ 8051 ಕುಟುಂಬದ ಎಟಿ89ಎಸ್52 ಚಿಪ್ಪಿನಲ್ಲಂತೂ ಈ ಅನುಕೂಲ ಹುಟ್ಟಿನಿಂದಲೇ ಇದೆ. ಅದರ 30ನೇ ಕಾಲಾದ ಎಎಲ್‌ಇಯಲ್ಲಿ ಕ್ರಿಸ್ಟಲ್ಲಿನ ಆರನೇ ಒಂದು ಭಾಗದ ಪಲ್ಸ್ ಬರುತ್ತದೆ. ಪಲ್ಸು ಮೂರರಲ್ಲೊಂದು ಹೊತ್ತು ಮೇಲಿರುವುದರಿಂದ ಮೀಟರಿನ ಡಿಸಿ ರೇಂಜಿನಲ್ಲಿ ಸುಮಾರು 1.7 ವೋಲ್ಟ್ ತೋರಿದರೆ ಕ್ರಿಸ್ಟಲ್ ಓಡುತ್ತಿದೆ ಎಂದು ನಂಬಬಹುದು. ಪ್ರೋಗ್ರಾಂ ಬರೆದವರು ಎಎಲ್‌ಇಯನ್ನು ಬೇಕೆಂದೇ ನಿಲ್ಲಿಸಿದ್ದರೆ ಮಾತ್ರ ಈ ಲೆಕ್ಕ ಹಿಡಿಯದು.

4. ಕೆಪಾಸಿಟರ್ ಲೆಕ್ಕ: ಕ್ರಿಸ್ಟಲ್ಲಿನ ಮೇಲೆ ಬರೆದಿಲ್ಲದ ಸಂಖ್ಯೆ

ಕ್ರಿಸ್ಟಲ್ಲಿನ ಡಬ್ಬಿಯ ಮೇಲೆ 16.000 ಎಂದಿರುತ್ತದೆ. ಆ 16.000 ನಿಜವಾಗಬೇಕಾದರೆ ಅದಕ್ಕೆ ಎಷ್ಟು ಕೆಪಾಸಿಟೆನ್ಸ್ ಕಾಣಬೇಕು ಎಂಬುದು, ಅಂದರೆ ಲೋಡ್ ಕೆಪಾಸಿಟೆನ್ಸ್, ಡೇಟಾಶೀಟಿನಲ್ಲಿ ಮಾತ್ರ ಇರುತ್ತದೆ. ಉದ್ದ ಡಬ್ಬಿಯ ಸಾಮಾನ್ಯ ಕ್ರಿಸ್ಟಲ್‌ಗಳಲ್ಲಿ ಅದು 18 ಅಥವಾ 20 ಪಿಎಫ್ ಇರುವುದು ರೂಢಿ. ಚಿಕ್ಕ ಎಸ್‌ಎಂಡಿ ಕ್ರಿಸ್ಟಲ್‌ಗಳಲ್ಲಿ 12, 10, 8ಕ್ಕೂ ಇಳಿಯುತ್ತದೆ. ಬೋರ್ಡಿನ ಎರಡು ಕೆಪಾಸಿಟರ್‌ಗಳು ಕ್ರಿಸ್ಟಲ್ಲಿನ ಕಣ್ಣಿಗೆ ಒಂದರ ಹಿಂದೊಂದು ಸಾಲಾಗಿ ಕಾಣುವುದರಿಂದ ಅವುಗಳ ಅರ್ಧ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಪಟ್ಟಿ, ಐಸಿ ಬೇಸ್, ಚಿಪ್ಪಿನ ಕಾಲುಗಳ ಕೆಪಾಸಿಟೆನ್ಸ್ ಸೇರುತ್ತದೆ. ಅದು ಸಾಮಾನ್ಯವಾಗಿ 2ರಿಂದ 5 ಪಿಎಫ್. ಆದ್ದರಿಂದ ಎರಡೂ ಬದಿಗೆ ಒಂದೇ ಬೆಲೆ ಹಾಕುವುದಾದರೆ,

```
C = 2 × (CL − Cs)
```

ಇಲ್ಲಿ `CL` ಡೇಟಾಶೀಟಿನ ಲೋಡ್, `Cs` ಬೋರ್ಡಿನದು. 20 ಪಿಎಫ್ ಕ್ರಿಸ್ಟಲ್, ಬೋರ್ಡಿನದು 4 ಎಂದರೆ ಉತ್ತರ 32. ಅಂಗಡಿಯಲ್ಲಿ ಸಿಗುವುದು 33. ನಾನು ಇಲ್ಲಿ ಎತ್ತಿಕೊಂಡಿರುವ ಪಂಪ್ ಟೈಮರಿನಲ್ಲಿ ಇದ್ದದ್ದೂ 33ರ ಜೋಡಿಯೇ. ಲೆಕ್ಕ ಸರಿಯಾಗಿದೆ. ಆದರೂ ಆ ಬೋರ್ಡು ಗಡಿಯ ಮೇಲಿತ್ತು.

ಜೋಕಾಲಿ ತನ್ನಷ್ಟಕ್ಕೆ ತೂಗುತ್ತಿರಬೇಕಾದರೆ ಪ್ರತಿ ತೂಗಿಗೆ ಕಳೆದುಕೊಳ್ಳುವುದಕ್ಕಿಂತ ಹೆಚ್ಚು ತಳ್ಳಬೇಕು. ಇಲ್ಲಿ ತಳ್ಳುವವನು ಚಿಪ್ಪಿನೊಳಗಿನ ಆಂಪ್ಲಿಫಯರ್. ಕಳೆಯುವುದು ಕ್ರಿಸ್ಟಲ್ಲಿನ ಒಳರೋಧ. ಆಂಪ್ಲಿಫಯರಿಗೆ ಬೇಕಾದ ಕನಿಷ್ಠ ಬಲ ಹೀಗೆ:

```
gm = 4 × ESR × (2πf)² × (C0 + CL)²
```

`ESR` ಕ್ರಿಸ್ಟಲ್ಲಿನ ಒಳರೋಧ, `C0` ಅದರ ಎರಡು ಲೋಹದ ಪದರಗಳ ನಡುವಿನ ಕೆಪಾಸಿಟೆನ್ಸ್, `CL` ಈಗ ಬೋರ್ಡು ನಿಜವಾಗಿ ತೋರುವ ಲೋಡ್. ಇಲ್ಲಿ ಗಮನಿಸಬೇಕಾದ್ದು ಕೊನೆಯ ಆವರಣದ ಮೇಲಿರುವ ವರ್ಗ. ಒಳರೋಧ 40 ಓಮ್, `C0` 5 ಪಿಎಫ್ ಎಂದಿಟ್ಟುಕೊಳ್ಳಿ. 33ರ ಜೋಡಿಯಲ್ಲಿ ಲೋಡ್ 20.5 ಪಿಎಫ್, ಬೇಕಾದ ಬಲ ವೋಲ್ಟಿಗೆ ಸುಮಾರು 1.05 ಮಿಲಿಆಂಪಿಯರ್. 22ರ ಜೋಡಿಗೆ ಇಳಿಸಿದರೆ ಲೋಡ್ 15, ಬೇಕಾದ ಬಲ 0.65. 18ಕ್ಕೆ ಇಳಿಸಿದರೆ ಮೊದಲಿನ ಅರ್ಧ ಸಾಕು. ಕ್ರಿಸ್ಟಲ್ ಅದೇ, ಚಿಪ್ಪು ಅದೇ. ಆ ಚಿಪ್ಪಿನ ಡೇಟಾಶೀಟೂ ಈ ಆವರ್ತನಕ್ಕೆ 12ರಿಂದ 22 ಪಿಎಫ್ ಎಂದೇ ಹೇಳುತ್ತದೆ. 33 ಆ ಸಾಲಿನಲ್ಲೇ ಇಲ್ಲ. ಕ್ರಿಸ್ಟಲ್ಲಿನ ಡೇಟಾಶೀಟು ಮತ್ತು ಚಿಪ್ಪಿನ ಡೇಟಾಶೀಟು ಬೇರೆ ಬೇರೆ ಮಾತು ಹೇಳಿದಾಗ ನಾನು ಚಿಪ್ಪಿನ ಮಾತು ಕೇಳುತ್ತೇನೆ.

ಹಾಗಾದರೆ ಆವರ್ತನ ತಪ್ಪುವುದಿಲ್ಲವೇ ಎಂದು ಓದಿದ ಹುಡುಗರು ಕೇಳುತ್ತಾರೆ. ತಪ್ಪುತ್ತದೆ. ಲೋಡ್ ಕಡಿಮೆಯಾದಷ್ಟೂ ಕ್ರಿಸ್ಟಲ್ ಸ್ವಲ್ಪ ವೇಗವಾಗಿ ಓಡುತ್ತದೆ. ಇಂಥ ಕ್ರಿಸ್ಟಲ್ಲಿನ ಚಲನ ಕೆಪಾಸಿಟೆನ್ಸ್ 15 ಫೆಮ್ಟೋಫ್ಯಾರಡ್ ಎಂದು ಹಿಡಿದರೆ, 20ರ ಬದಲು 15 ಪಿಎಫ್ ತೋರಿಸಿದಾಗ ಹತ್ತು ಲಕ್ಷದಲ್ಲಿ 75 ಭಾಗ ಮುಂದೆ ಹೋಗುತ್ತದೆ. ದಿನಕ್ಕೆ ಆರೂವರೆ ಸೆಕೆಂಡು. ಇಪ್ಪತ್ತು ನಿಮಿಷ ನೀರು ಬಿಡುವ ಪಂಪಿಗೆ ಅದು ಸೆಕೆಂಡಿನ ಹತ್ತನೇ ಒಂದು ಭಾಗವೂ ಅಲ್ಲ. ಸೀರಿಯಲ್ ಸಂಪರ್ಕಕ್ಕೆ ಶೇಕಡಾ ಒಂದೆರಡರ ವ್ಯತ್ಯಾಸ ನಡೆಯುತ್ತದೆ. ಇದು ಶೇಕಡಾ 0.0075. ಗೋಡೆ ಗಡಿಯಾರದ ಹಾಗೆ ಸಮಯ ಹೇಳಬೇಕಾದ ಬೋರ್ಡಿನಲ್ಲಿ ಆ ಕೆಲಸಕ್ಕೆ ಬೇರೆ ಚಿಪ್ಪೇ ಇರುತ್ತದೆ. ಆದ್ದರಿಂದ ಪಂಪಿನ ಬೋರ್ಡಿನಲ್ಲಿ ನಾನು ಯೋಚನೆ ಮಾಡದೆ 33 ತೆಗೆದು 22 ಹಾಕುತ್ತೇನೆ. ರೇಡಿಯೋ ಬೋರ್ಡಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಅಲ್ಲಿ 75 ಭಾಗವೆಂದರೆ ಬೇರೆ ಕಡೆಯೇ ಟ್ಯೂನ್ ಆದಂತೆ. ಲೋಡ್ ಕಡಿಮೆಯಿರುವ ಕ್ರಿಸ್ಟಲ್ಲನ್ನೇ ಹುಡುಕಬೇಕು.

ಇಳಿಸುತ್ತಾ ಇಳಿಸುತ್ತಾ ಕೆಪಾಸಿಟರನ್ನೇ ಕಿತ್ತುಹಾಕಿ ಓಡಿಸುವವರೂ ಇದ್ದಾರೆ. ಮೇಜಿನ ಮೇಲೆ ಓಡುತ್ತದೆ, ನಿಜ. ಆಗ ಆವರ್ತನ ನಿರ್ಧರಿಸುವುದು ಪಟ್ಟಿಯ ಉದ್ದ, ಬೇಸಿನ ತೇವ, ಹತ್ತಿರ ಬಂದ ಕೈ. ಡೇಟಾಶೀಟಿನ ಕೆಳಮಿತಿ ದಾಟಬೇಡಿ.

5. 22 ಎಂದು ಕೇಳಿದರೆ 223 ಕೊಡುತ್ತಾರೆ

ಬಿಲ್ಲೆ ಕೆಪಾಸಿಟರಿನ ಮೇಲೆ ಬರೀ 22 ಎಂದಿದ್ದರೆ 22 ಪಿಎಫ್. 220 ಎಂದಿದ್ದರೂ 22 ಪಿಎಫ್, ಏಕೆಂದರೆ ಕೊನೆಯ ಅಂಕಿ ಸೊನ್ನೆಗಳ ಎಣಿಕೆ. 221 ಎಂದರೆ 220 ಪಿಎಫ್. 223 ಎಂದರೆ 22,000 ಪಿಎಫ್, ಸಾವಿರ ಪಟ್ಟು ಹೆಚ್ಚು. ಅದನ್ನು ಹಾಕಿದ ಕ್ರಿಸ್ಟಲ್ ಯಾವ ಕಾಲಕ್ಕೂ ಏಳದು. ಗಾತ್ರ ನೋಡಿದರೆ ಎಲ್ಲವೂ ಒಂದೇ. ತಲೆಯ ಮೇಲೆ ಕಪ್ಪು ಬಣ್ಣದ ಗುರುತಿದ್ದರೆ ಅದು ಎನ್‌ಪಿ0 ಜಾತಿಯದು, ಬಿಸಿಗೆ ಬೆಲೆ ಬದಲಾಯಿಸುವುದಿಲ್ಲ. ಕ್ರಿಸ್ಟಲ್ಲಿಗೆ ಅದೇ ಬೇಕು.

ಸಾಧಾರಣ ಮೀಟರಿನಲ್ಲಿ 22 ಪಿಎಫ್ ಅಳೆಯಲಾಗದು, ವೈರಿನದೇ ಅಷ್ಟಿರುತ್ತದೆ. ಹೊಸ ಪೊಟ್ಟಣ ತಂದಾಗ ಹತ್ತನ್ನು ಬ್ರೆಡ್‌ಬೋರ್ಡಿನಲ್ಲಿ ಒಟ್ಟಿಗೆ ಸೇರಿಸಿ ಅಳೆಯಿರಿ. ಸುಮಾರು 220 ಬಂದರೆ ಪೊಟ್ಟಣ ಸರಿ.

6. ಎಂಟನೇ ಕಾಲು, ಒಂಬತ್ತನೇ ಕಾಲು

ಈಗ ಮಳೆಗಾಲದ ವಿಷಯ. ಬೈಂದೂರು ಕಡೆಯ ತೋಟದವರೊಬ್ಬರು ಆ 33ರ ಜೋಡಿಯ ಬೋರ್ಡು ತಂದಿಟ್ಟು ಹೇಳಿದ ಒಂದು ಮಾತಿನಲ್ಲಿ ಅರ್ಧ ಪತ್ತೆ ಮುಗಿದಿತ್ತು: "ಹ್ವಾಯ್, ಬಿಸ್ಲಿಗಿಟ್ರೆ ಸಮ ಆತ್ತ್, ರಾತ್ರಿ ಕಳ್ದ್ರೆ ಮತ್ತ್ ಇಲ್ಲೆ ಕಾಣಿ."

28 ಕಾಲಿನ ಎಟಿಮೆಗಾ328ಪಿಯಲ್ಲಿ ಎಂಟನೇ ಕಾಲು ಗ್ರೌಂಡ್, ಒಂಬತ್ತನೇ ಕಾಲು ಎಕ್ಸ್‌ಟಾಲ್ 1. ಪಕ್ಕಪಕ್ಕದಲ್ಲೇ ಇವೆ. ಎಕ್ಸ್‌ಟಾಲ್ 1 ನಡುಮಟ್ಟದಲ್ಲಿ ನಿಲ್ಲುವುದು ಚಿಪ್ಪಿನೊಳಗಿನ ದೊಡ್ಡ ಬೆಲೆಯ ಒಂದು ರೆಸಿಸ್ಟರಿನ ಬಲದಿಂದ ಮಾತ್ರ. ಆ ಎರಡು ಕಾಲುಗಳ ನಡುವೆ ತೊಳೆಯದೆ ಉಳಿದ ಫ್ಲಕ್ಸ್ ಇದ್ದು, ಅದು ಉಪ್ಪುಗಾಳಿಯ ತೇವ ಕುಡಿದರೆ, ಅದೂ ಒಂದು ರೆಸಿಸ್ಟರೇ ಆಗುತ್ತದೆ. ಇರುವೆ ಗೂಡು, ಹಲ್ಲಿಯ ಹಿಕ್ಕೆ ಇದ್ದರಂತೂ ಕೇಳುವುದೇ ಬೇಡ. ಸ್ಟಾರ್ಟರ್ ಪೆಟ್ಟಿಗೆ ಎರಡಕ್ಕೂ ಬಹಳ ಇಷ್ಟದ ಜಾಗ. ಎಕ್ಸ್‌ಟಾಲ್ 1 ಕೆಳಗೆ ಎಳೆದುಕೊಳ್ಳುತ್ತದೆ, ಎಕ್ಸ್‌ಟಾಲ್ 2 ಮೇಲೆ ಹೋಗಿ ಅಂಟಿಕೊಳ್ಳುತ್ತದೆ. ಮೂರನೇ ಪಾಠದ ಮೊದಲ ಲಕ್ಷಣ ಇದೇ.

ಆ ಬೋರ್ಡಿನಲ್ಲಿ ಒಂಬತ್ತನೇ ಕಾಲು ಅರ್ಧ ವೋಲ್ಟಿನ ಸುತ್ತಮುತ್ತ, ಹತ್ತನೇ ಕಾಲು ನಾಲ್ಕರ ಮೇಲೆ ನಿಂತಿತ್ತು. ಕರೆಂಟ್ ತೆಗೆದು, ಚಿಪ್ಪನ್ನು ಬೇಸಿನಿಂದ ಎತ್ತಿ, 20 ಮೆಗಾಓಮ್ ರೇಂಜಿನಲ್ಲಿ ಬೇಸಿನ ಎಂಟು-ಒಂಬತ್ತರ ನಡುವೆ ಅಳೆಯಬೇಕು. ಒಣಗಿದ ಶುದ್ಧ ಬೋರ್ಡಿನಲ್ಲಿ ಮೀಟರ್ ಏನೂ ತೋರಬಾರದು. ಇಲ್ಲಿ ಅದು ಒಂದು ಮೆಗಾಓಮ್‌ಗಿಂತ ಕೆಳಗೆ ಏನೋ ತೋರಿಸುತ್ತಾ ಅಲುಗಾಡುತ್ತಿತ್ತು. ರೀಡಿಂಗ್ ಸ್ಥಿರವಾಗಿ ನಿಲ್ಲದೆ ಹೀಗೆ ಹರಿದಾಡುವುದೇ ತೇವದ ಗುರುತು. ಬೆಸುಗೆಯ ಶಾರ್ಟ್ ಆದರೆ ಒಂದೇ ಕಡೆ ನಿಲ್ಲುತ್ತದೆ.

ಹೇರ್ ಡ್ರೈಯರ್ ಹಿಡಿದರೆ ಬೋರ್ಡು ಎದ್ದಿತು. ಇಷ್ಟಕ್ಕೇ ತೇವವೆಂದು ತೀರ್ಮಾನಿಸಬಾರದು, ಬಿಸಿಗೆ ಸೀಳಿದ ಬೆಸುಗೆಯೂ ಕೂಡಿಕೊಳ್ಳುತ್ತದೆ. ತಣ್ಣಗಾದ ಮೇಲೆಯೂ ಓಡಿದರೆ, ಕ್ರಿಸ್ಟಲ್ಲಿನ ಹತ್ತಿರ ಬಾಯಿ ತಂದು ಕನ್ನಡಕ ಒರೆಸುವಾಗ ಬಿಡುವಂತೆ ಉಸಿರು ಬಿಡಿ. ಆಫ್ ಮಾಡಿ ಆನ್ ಮಾಡಿ. ಅದಕ್ಕೆ ಸತ್ತರೆ ತೇವವೇ. ಉಸಿರು ಬಿಡುವ ಈ ಪರೀಕ್ಷೆ 5 ವೋಲ್ಟಿನ ಬದಿಗೆ ಮಾತ್ರ. ಮೈನ್ಸ್ ಇರುವ ಬೋರ್ಡಿನಲ್ಲಿ ಬೇರೆ ಸಪ್ಲೈ ಕೊಟ್ಟು ಮಾಡಿ.

ಮದ್ದು ಐಪಿಎ ಮತ್ತು ಹಲ್ಲುಜ್ಜುವ ಹಳೆಯ ಬ್ರಷ್ಷು. ಬೇಸಿನ ಕೆಳಗಿನ ಬದಿಯನ್ನೂ ತೊಳೆಯಬೇಕು, ಕ್ರಿಸ್ಟಲ್ಲಿನ ಹೊಟ್ಟೆಯಡಿಯನ್ನೂ. ಬರೀ ಉಜ್ಜಿದರೆ ಫ್ಲಕ್ಸ್ ತೆಳುವಾಗಿ ಹರಡುತ್ತದೆ. ಹೊಸ ಐಪಿಎಯಿಂದ ಎರಡನೇ ಸಲ ತೊಳೆದು ಹರಿಸಿಬಿಡಬೇಕು. ಚೆನ್ನಾಗಿ ಒಣಗಿಸಿದ ಮೇಲೆ ಕಾನ್ಫಾರ್ಮಲ್ ಕೋಟಿಂಗ್. ತೊಳೆಯದೆ ಕೋಟಿಂಗ್ ಹೊಡೆದರೆ ತೇವವನ್ನು ಒಳಗೇ ಬೀಗ ಹಾಕಿದಂತಾಗುತ್ತದೆ, ಆಮೇಲೆ ತೆಗೆಯುವುದು ಪ್ರಾಣಸಂಕಟ. ಮಳೆಗಾಲದಲ್ಲೂ ಬೋರ್ಡಿನ ಕರೆಂಟ್ ಬಿಟ್ಟಿರಿ, ಪಂಪಿನದು ಮಾತ್ರ ತೆಗೆಯಿರಿ ಎಂದೂ ಹೇಳುತ್ತೇನೆ. ಟ್ರಾನ್ಸ್‌ಫಾರ್ಮರಿನ ಸಣ್ಣ ಬಿಸಿ ಪೆಟ್ಟಿಗೆಯನ್ನು ಒಣಗಿಸಿಡುತ್ತದೆ. ಆದರೆ ನಮ್ಮ ಕಡೆಯ ಸಿಡಿಲಿನ ಲೆಕ್ಕ ಗೊತ್ತಿರುವವರು ಈ ಸಲಹೆ ಒಪ್ಪುವುದಿಲ್ಲ, ಅವರದ್ದೂ ತಪ್ಪಲ್ಲ.

7. ಎದ್ದ ಮೇಲೆ ಒಂದು ಪರೀಕ್ಷೆ

ಬೋರ್ಡು ಎದ್ದಿತೆಂದು ಕೊಟ್ಟು ಕಳಿಸಿದರೆ ಮುಂದಿನ ಮಳೆಗೆ ವಾಪಸು ಬರಬಹುದು. ಎಷ್ಟು ಬಲ ಉಳಿದಿದೆ ಎಂದು ತಿಳಿಯಲು ಕ್ರಿಸ್ಟಲ್ಲಿನ ಒಂದು ಕಾಲನ್ನು, ಎಕ್ಸ್‌ಟಾಲ್ 2 ಬದಿಯದನ್ನು, ಎತ್ತಿ ನಡುವೆ ಒಂದು ರೆಸಿಸ್ಟರ್ ಬೆಸೆಯುತ್ತೇನೆ. ಆ ರೆಸಿಸ್ಟರ್ ಮತ್ತು ಕ್ರಿಸ್ಟಲ್ಲಿನ ಒಳರೋಧ ಸೇರಿ ಒಳರೋಧದ ಐದು ಪಟ್ಟಾದರೂ ಏಳಬೇಕು ಎಂಬುದು ರೂಢಿಯ ನಿಯಮ. ಒಳರೋಧ 40 ಓಮ್ ಆದರೆ 160 ಓಮ್ ಸೇರಿಸಿಯೂ ಏಳಬೇಕು. 180 ಹಾಕಿ ನೋಡುತ್ತೇನೆ. ವಾಲ್ಯೂಮಿನಂಥ ತಿರುಗಿಸುವ ರೆಸಿಸ್ಟರ್ ಬೇಡ, ಅದರ ದೇಹವೇ ಕೆಪಾಸಿಟೆನ್ಸ್ ತರುತ್ತದೆ. ಓಡುತ್ತಿರುವಾಗ ರೆಸಿಸ್ಟರ್ ಹಾಕಿದರೆ ಪ್ರಯೋಜನವಿಲ್ಲ, ಓಡುತ್ತಿರುವುದು ಓಡುತ್ತದೆ. ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿ, ಮೊದಲಿನಿಂದ ಏಳುತ್ತದೆಯೇ ನೋಡಬೇಕು. ಹಲವು ಸಲ, 4.5 ವೋಲ್ಟಿನಲ್ಲೂ.

ನಮ್ಮ ಟೈಮರ್ 33ರ ಜೋಡಿಯಲ್ಲಿ ಈ ಪರೀಕ್ಷೆಯಲ್ಲಿ ಬಿದ್ದಿತ್ತು. ತೊಳೆದು, 22 ಹಾಕಿ, ಫ್ಯೂಸನ್ನು `0xF7` ಮಾಡಿದ ಮೇಲೆ ಸರಾಗವಾಗಿ ಎದ್ದಿತು. ಪೂರ್ಣ ಸ್ವಿಂಗ್ ಆಸಿಲೇಟರ್ ಕರೆಂಟ್ ಜಾಸ್ತಿ ತಿನ್ನುತ್ತದೆ. ಬ್ಯಾಟರಿ ಸೆಲ್ಲಿನ ಮೇಲೆ ಓಡುವ ಸರಕಿಗೆ ಬೇಡ. ಕಾಂಟ್ಯಾಕ್ಟರ್ ಟಪ್ಪೆಂದು ಬೀಳುವ ಪೆಟ್ಟಿಗೆಯೊಳಗೆ, ಮೈನ್ಸಿನಲ್ಲಿ ಓಡುವ ಬೋರ್ಡಿಗೆ ಅದೇ ಸರಿ, ಏಕೆಂದರೆ ಕಡಿಮೆ ಶಕ್ತಿಯ ಆಸಿಲೇಟರ್ ಸದ್ದಿಗೆ ಬೇಗ ಬಗ್ಗುತ್ತದೆ. ಒಂದು ಎಚ್ಚರ: ಹೆಸರಿನ ಕೊನೆಗೆ ಪಿಬಿ ಇರುವ ಎಟಿಮೆಗಾ328ಪಿಬಿಯಲ್ಲಿ ಪೂರ್ಣ ಸ್ವಿಂಗ್ ಇಲ್ಲವೇ ಇಲ್ಲ. ಅದರಲ್ಲಿ `0xF7` ಬರೆಯಬೇಡಿ.

8. ಕಡ್ಡಿಯಂಥ ಚಿಕ್ಕ ಕ್ರಿಸ್ಟಲ್

32.768 ಕಿಲೋಹರ್ಟ್ಸ್‌ನ ಗಡಿಯಾರದ ಕ್ರಿಸ್ಟಲ್‌ನಲ್ಲಿ ಒಳರೋಧ ಓಮ್‌ಗಳಲ್ಲಿ ಅಲ್ಲ, ಹತ್ತಾರು ಸಾವಿರ ಓಮ್‌ಗಳಲ್ಲಿ. ಅದನ್ನು ತಳ್ಳುವ ಆಂಪ್ಲಿಫಯರೂ ಅಷ್ಟೇ ಬಡಕಲು. ಆರನೇ ಪಾಠದ ತೇವ ಇಲ್ಲಿ ಹತ್ತು ಪಟ್ಟು ಕಾಡುತ್ತದೆ. ಎಸ್‌ಟಿಎಂ32ಎಫ್103 ಚಿಪ್ಪಿನ ಈ ಚಿಕ್ಕ ಆಸಿಲೇಟರಿನ ಬಲ ವೋಲ್ಟಿಗೆ 5 ಮೈಕ್ರೋಆಂಪಿಯರ್. ಗೋಡೆ ಗಡಿಯಾರದಿಂದ ಬಿಚ್ಚಿದ 12.5 ಪಿಎಫ್ ಕ್ರಿಸ್ಟಲ್, ಒಳರೋಧ 50 ಕಿಲೋಓಮ್, `C0` 1.5 ಎಂದು ಅದೇ ಸೂತ್ರಕ್ಕೆ ಹಾಕಿದರೆ 1.66 ಮೈಕ್ರೋಆಂಪಿಯರ್ ಬೇಕು. ಐದು ಪಟ್ಟು ಇರಬೇಕಾದಲ್ಲಿ ಮೂರೇ ಪಟ್ಟು. 6 ಪಿಎಫ್‌ನದು ಹಾಕಿದರೆ 0.48 ಸಾಕು, ಹತ್ತು ಪಟ್ಟು ಬಲ ಸಿಗುತ್ತದೆ. ಆ ಚಿಪ್ಪಿನ ಡೇಟಾಶೀಟು 12.5 ಪಿಎಫ್‌ನ ಕ್ರಿಸ್ಟಲ್ ಎಂದಿಗೂ ಬಳಸಬೇಡಿ ಎಂದು ಬಿಡಿಸಿ ಬರೆದಿದೆ, ಓದುವವರು ಕಡಿಮೆ.

ಡಿಎಸ್1307 ಗಡಿಯಾರ ಚಿಪ್ಪಿನಲ್ಲಿ ಇದಕ್ಕೆ ವಿರುದ್ಧ. ಅದಕ್ಕೆ ಬೇಕಾದ್ದೇ 12.5 ಪಿಎಫ್, ಹೊರಗೆ ಕೆಪಾಸಿಟರ್ ಹಾಕಲೇಬಾರದು. ಸಮಯ 00:00:00ರಲ್ಲೇ ನಿಂತಿದ್ದರೆ ಕ್ರಿಸ್ಟಲ್ಲಿಗೆ ಕೈ ಹಾಕುವ ಮೊದಲು ಮೊದಲ ರಿಜಿಸ್ಟರಿನ ಏಳನೇ ಬಿಟ್ ನೋಡಿ. ಅದು 1 ಆಗಿದ್ದರೆ ಆಸಿಲೇಟರ್ ನಿಂತಿರುತ್ತದೆ. ಹೊಸದಾಗಿ ಕರೆಂಟ್ ಕೊಟ್ಟಾಗ ಸಾಮಾನ್ಯವಾಗಿ ಅದು 1 ಆಗಿಯೇ ಇರುತ್ತದೆ, ಪ್ರೋಗ್ರಾಂ ಅದನ್ನು ಸೊನ್ನೆ ಮಾಡಬೇಕು.

9. ಕ್ರಿಸ್ಟಲ್ ಇಲ್ಲದೆಯೂ ಆಗುವ ಕೆಲಸ

ಇಷ್ಟೆಲ್ಲ ಮಾಡಿಯೂ ಏಳದಿದ್ದರೆ ಮಾತ್ರ ಕ್ರಿಸ್ಟಲ್ ಬದಲಾಯಿಸುತ್ತೇನೆ. ಕೆಲವು ನಿಜವಾಗಿಯೂ ಸತ್ತಿರುತ್ತವೆ, ಹೆಚ್ಚಾಗಿ ಕೆಳಗೆ ಬಿದ್ದವು, ಅಥವಾ ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ತೊಳೆದ ಕಡ್ಡಿ ಕ್ರಿಸ್ಟಲ್‌ಗಳು.

ಮತ್ತೆ ಮತ್ತೆ ಬರುವ ಬೋರ್ಡಿಗೆ ಎರಡು ಸುಲಭ ದಾರಿಗಳಿವೆ. ಒಂದು, ಕೆಪಾಸಿಟರ್ ತನ್ನೊಳಗೇ ಇಟ್ಟುಕೊಂಡ ಮೂರು ಕಾಲಿನ ಸೆರಾಮಿಕ್ ರೆಸೋನೇಟರ್. ಆರ್ಡುಯಿನೋ ಊನೋ ಆರ್3ಯಲ್ಲೂ ಎಟಿಮೆಗಾ328ಪಿಗೆ ಇರುವುದು ಕ್ರಿಸ್ಟಲ್ ಅಲ್ಲ, ಇಂಥ ರೆಸೋನೇಟರೇ. ಇನ್ನೊಂದು, ಪ್ರೋಗ್ರಾಮಿನ ಸೋರ್ಸ್ ಕೈಯಲ್ಲಿದ್ದರೆ ಅದನ್ನು 8 ಮೆಗಾಹರ್ಟ್ಸ್‌ಗೆ ಮತ್ತೆ ಕಂಪೈಲ್ ಮಾಡಿ, ಫ್ಯೂಸನ್ನು `0xE2` ಮಾಡಿ, ಕ್ರಿಸ್ಟಲ್ಲನ್ನೂ ಎರಡು ಕೆಪಾಸಿಟರನ್ನೂ ಬಿಚ್ಚಿಬಿಡುವುದು. ಒಳಗಿನ ಆಸಿಲೇಟರಿನ ಕಾರ್ಖಾನೆ ಹೊಂದಾಣಿಕೆ ಶೇಕಡಾ ಹತ್ತರೊಳಗೆ ಎಂದಷ್ಟೇ ಖಾತರಿ. ಇಪ್ಪತ್ತು ನಿಮಿಷದ ನೀರು ಹದಿನೆಂಟಾಗಬಹುದು, ಇಪ್ಪತ್ತೆರಡಾಗಬಹುದು. ಸಮಯವನ್ನು ಡಿಎಸ್3231 ಚಿಪ್ಪಿನಿಂದ ಓದುವ ಬೋರ್ಡಿನಲ್ಲಿ ಆ ತೊಂದರೆಯೂ ಇಲ್ಲ, ಅದರ ಕ್ರಿಸ್ಟಲ್ ಅದರೊಳಗೇ ಮುಚ್ಚಿಕೊಂಡಿದೆ. ಜಿಎಸ್‌ಎಂ ಮಾಡ್ಯೂಲಿನ ಜೊತೆ ಸೀರಿಯಲ್ಲಿನಲ್ಲಿ ಮಾತಾಡುವ ಬೋರ್ಡಿಗೆ ಮಾತ್ರ ಈ ಎರಡನೇ ದಾರಿ ಹಿಡಿಯುವುದಿಲ್ಲ.